ಉಬ್ಬಿದ ಪವರ್ ಬ್ಯಾಂಕ್ ಮತ್ತು ರಿಕಾಲ್ ಸೂಚನೆ: ಗ್ರಾಹಕರಿಗೆ ಏನೆಂದು ಉತ್ತರಿಸಬೇಕು?

ಪ್ರಶ್ನೆ: ನಮ್ಮದು ಮೊಬೈಲ್ ಬಿಡಿಸಾಮಗ್ರಿ ಮಾರುವ ಸಣ್ಣ ಕಂಪನಿ. 10,000 ಎಂಎಎಚ್‌ನ ಒಂದು ಪವರ್ ಬ್ಯಾಂಕ್‌ನ ಬ್ಯಾಟರಿಯಲ್ಲಿ ದೋಷ ಕಂಡುಬಂದಿದ್ದರಿಂದ ಅದನ್ನು ವಾಪಸ್ ಕರೆಸಿಕೊಳ್ಳುವ ರಿಕಾಲ್ ಸೂಚನೆಯನ್ನು ಕೊಂಡವರೆಲ್ಲರಿಗೂ ಕಳಿಸಿದ್ದೇವೆ. ಈಗ ಒಬ್ಬ ಗ್ರಾಹಕರು, "ನಿಮ್ಮ ಸೂಚನೆ ಬಂತು. ನನ್ನದು ಸ್ವಲ್ಪ ಉಬ್ಬಿದಂತಿದೆ, ಆದರೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಸೀರಿಯಲ್ ನಂಬರ್ ಅಳಿಸಿಹೋಗಿದೆ. ಕೊರಿಯರ್‌ನಲ್ಲಿ ಕಳಿಸಲೇ? ದುಡ್ಡು ಯಾವಾಗ ಬರುತ್ತದೆ?" ಎಂದು ಬರೆದಿದ್ದಾರೆ. ಸರಕು ಹಿಂತಿರುಗಿಸುವವರಿಗೆಂದು ನಮ್ಮಲ್ಲಿರುವ ಮಾಮೂಲಿ ಉತ್ತರವನ್ನೇ ತಿದ್ದಿ ಕಳಿಸಿದರೆ ಸಾಕೇ?

ಉತ್ತರ: ಸಾಲದು. ಮಾಮೂಲಿ ಉತ್ತರದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ದಾರಿ: ವಸ್ತುವನ್ನು ಅದರ ಪೆಟ್ಟಿಗೆಯಲ್ಲಿಟ್ಟು ನಮ್ಮ ಗೋದಾಮಿಗೆ ಕಳಿಸಿ, ಅದು ತಲುಪಿದ ಮೇಲೆ ಪರಿಶೀಲಿಸಿ ಹಣ ಹಿಂತಿರುಗಿಸುತ್ತೇವೆ. ಉಬ್ಬಿದ ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಈ ವಾಕ್ಯದ ಪ್ರತಿಯೊಂದು ಭಾಗವೂ ತಪ್ಪು. ಗ್ರಾಹಕರು ಅದನ್ನು ಇಕ್ಕಟ್ಟಾದ ಪೆಟ್ಟಿಗೆಗೆ ತುರುಕಬಾರದು, ಯಾವ ಕಾರಣಕ್ಕೂ ಕೊರಿಯರ್‌ಗೆ ಕೊಡಬಾರದು, ಮತ್ತು ಅದು ನಿಮ್ಮ ಕೈಸೇರುವವರೆಗೂ ಅವರ ಹಣ ಕಾಯುತ್ತಿರಬಾರದು. ಆದ್ದರಿಂದ ಉತ್ತರವನ್ನು ಹೊಸದಾಗಿಯೇ ಬರೆಯಬೇಕು. ಅದಕ್ಕೂ ಮೊದಲು, ಅವರ ಫೋನ್ ನಂಬರ್ ನಿಮ್ಮಲ್ಲಿದ್ದರೆ ಈಗಲೇ ಕರೆ ಮಾಡಿ, ಪವರ್ ಬ್ಯಾಂಕ್ ಎಲ್ಲಿದೆ, ಬಿಸಿಯಾಗಿದೆಯೇ, ಚಾರ್ಜಿಗೆ ಹಾಕಿದ್ದಾರೆಯೇ ಎಂದು ವಿಚಾರಿಸಿ. "ಉಬ್ಬಿದೆ" ಎಂಬ ಮಾತು ಇರುವ ಪತ್ರವನ್ನು ಉಳಿದ ಪತ್ರಗಳ ಸರತಿಯಲ್ಲಿ ನಿಲ್ಲಿಸಬಾರದು.

ಆ ಗ್ರಾಹಕರ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದಿರುವುದು "ಆದರೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ" ಎಂಬ ಮಾತು, ಏಕೆಂದರೆ ಅವರು ಅದನ್ನು ಇನ್ನೂ ಬಳಸುತ್ತಿದ್ದಾರೆ ಎಂದು ಅದರ ಅರ್ಥ. ಉತ್ತರ ಬರೆಯುವವರು ಈ ಮಾತಿನ ಹಿಂದಿರುವ ತಪ್ಪು ತಿಳಿವಳಿಕೆಯನ್ನು ಸರಿಯಾಗಿ ಅರ್ಥಮಾಡಿಕೊಂಡಿರಬೇಕು. ಲಿಥಿಯಂ ಅಯಾನ್ ಕೋಶದೊಳಗೆ ಎರಡು ವಿದ್ಯುದ್ವಾರಗಳ ನಡುವೆ ಬಹಳ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದಿದ್ದು, ಅವೆರಡೂ ಒಂದನ್ನೊಂದು ಮುಟ್ಟದಂತೆ ತಡೆಯುತ್ತದೆ. ತಯಾರಿಕೆಯ ದೋಷದಿಂದಲೋ, ಪೆಟ್ಟಿನಿಂದಲೋ ಆ ಪೊರೆಗೆ ಎಲ್ಲಾದರೂ ಒಂದು ಕಡೆ ಹಾನಿಯಾದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಆ ಜಾಗ ಬಿಸಿಯಾಗುತ್ತದೆ. ಬಿಸಿ ಏರಿದಂತೆ ಒಳಗಿನ ರಾಸಾಯನಿಕಗಳು ಒಡೆದು ಮತ್ತಷ್ಟು ಬಿಸಿಯನ್ನು ಉಂಟುಮಾಡುತ್ತವೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪಾಲಿಎಥಿಲೀನ್ ಪೊರೆಯೇ ಕರಗತೊಡಗುತ್ತದೆ. ಅಲ್ಲಿಂದ ಮುಂದೆ ಬಿಸಿಯೇ ಬಿಸಿಯನ್ನು ಹೆಚ್ಚಿಸುವ ಸರಪಳಿ ಶುರುವಾಗಿ, ಹೊತ್ತಿಕೊಳ್ಳುವ ಅನಿಲಗಳು ಹೊರಚಿಮ್ಮುತ್ತವೆ. ಈ ಕ್ಷೇತ್ರದಲ್ಲಿರುವವರು ಇದನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ.

ಕೋಶ ಉಬ್ಬಿದೆಯೆಂದರೆ ಒಳಗಿನ ದ್ರಾವಣ ಒಡೆದು ಅನಿಲ ತುಂಬಿಕೊಂಡಿದೆ ಎಂದರ್ಥ. ಆದರೆ ಪವರ್ ಬ್ಯಾಂಕ್‌ನ ಒಳಗಿರುವ ರಕ್ಷಣಾ ಸರ್ಕ್ಯೂಟ್ ನೋಡುವುದು ವೋಲ್ಟೇಜ್ ಮತ್ತು ಕರೆಂಟನ್ನು. ಕೆಲವು ಮಾದರಿಗಳಲ್ಲಿ ಉಷ್ಣತೆಯನ್ನೂ ನೋಡಬಹುದು. ಉಬ್ಬನ್ನು ಅಳೆಯುವ ಏರ್ಪಾಡು ಅದರಲ್ಲಿಲ್ಲ, ಕೋಶದ ಒಳಗೇ ಆಗುವ ಶಾರ್ಟನ್ನು ತಡೆಯುವ ಶಕ್ತಿಯೂ ಅದಕ್ಕಿಲ್ಲ. ಹೀಗಾಗಿ ವೋಲ್ಟೇಜ್ ಸರಿಯಾಗಿರುವವರೆಗೆ ದೀಪಗಳು ಬೆಳಗುತ್ತವೆ, ಫೋನ್ ಚಾರ್ಜ್ ಆಗುತ್ತದೆ, ಗ್ರಾಹಕರಿಗೆ ಎಲ್ಲವೂ ಸರಿಯಿದೆ ಎನ್ನಿಸುತ್ತದೆ. ನಿಮ್ಮ ಉತ್ತರದಲ್ಲಿ ಇದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು: ಚಾರ್ಜ್ ಆಗುತ್ತಿದೆ ಎಂಬುದು ಅದು ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಲ್ಲ. ಕಾರಣ ಹೇಳದೆ ಬರೀ "ಬಳಸಬೇಡಿ" ಎಂದರೆ, ಕಣ್ಣೆದುರಿಗೆ ಕೆಲಸ ಮಾಡುತ್ತಿರುವ ವಸ್ತುವನ್ನು ಜನ ಬಿಡುವುದಿಲ್ಲ.

ಉತ್ತರದ ಅನುಕ್ರಮ ಹೇಗಿರಬೇಕು ಎಂಬುದನ್ನು ನಿರ್ಧರಿಸಬೇಕಾದದ್ದು ಗ್ರಾಹಕರು ಯಾವ ಕೆಲಸವನ್ನು ಮೊದಲು ಮಾಡಬೇಕು ಎಂಬುದರ ಮೇಲೆ. ಬಹಳಷ್ಟು ಕಂಪನಿಗಳ ಪತ್ರಗಳು ವಿಷಾದದಿಂದ ಆರಂಭವಾಗಿ, ಗುಣಮಟ್ಟದ ಬಗ್ಗೆ ತಮಗಿರುವ ಬದ್ಧತೆಯನ್ನು ಹೇಳಿ, ಮೂರನೆಯ ಪ್ಯಾರಾದಲ್ಲಿ "ದಯವಿಟ್ಟು ಬಳಕೆಯನ್ನು ನಿಲ್ಲಿಸಿ" ಎನ್ನುತ್ತವೆ. ಮೊಬೈಲ್ ಪರದೆಯಲ್ಲಿ ಆ ಮೂರನೆಯ ಪ್ಯಾರಾ ಕಾಣುವುದೇ ಇಲ್ಲ, ಬೆರಳಿನಿಂದ ಕೆಳಗೆ ಸರಿಸಿದರೆ ಮಾತ್ರ ಕಾಣುತ್ತದೆ. ಮೊದಲ ಸಾಲಿನಲ್ಲೇ "ಈ ಕ್ಷಣದಿಂದ ಅದನ್ನು ಬಳಸಬೇಡಿ, ಚಾರ್ಜ್ ಮಾಡಬೇಡಿ" ಎಂದಿರಬೇಕು. ಕ್ಷಮೆ ಕೇಳುವುದು ಬೇಡವೆಂದಲ್ಲ. ಅದಕ್ಕೆ ಕೆಳಗೆ ಜಾಗವಿದೆ.

ಅಪಾಯವನ್ನು ಹೆಸರಿಟ್ಟು ಹೇಳಬೇಕು ಎಂಬುದು ನನ್ನ ಎರಡನೆಯ ಒತ್ತಾಯ. "ಕೆಲವು ಅಪರೂಪದ ಸಂದರ್ಭಗಳಲ್ಲಿ", "ಮುನ್ನೆಚ್ಚರಿಕೆಯ ಕ್ರಮವಾಗಿ", "ಸ್ವಯಂಪ್ರೇರಿತವಾಗಿ", "ಈವರೆಗೆ ಯಾವ ಅವಘಡವೂ ವರದಿಯಾಗಿಲ್ಲ" ಎಂಬಂಥ ಮಾತುಗಳು ಕಂಪನಿಗೆ ಸಮಾಧಾನ ಕೊಡುತ್ತವೆ, ಓದುವವರ ಎಚ್ಚರವನ್ನು ಮಾತ್ರ ತಗ್ಗಿಸುತ್ತವೆ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 13ರಿಂದ ಅನ್ವಯವಾಗುತ್ತಿರುವ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮವು ರಿಕಾಲ್ ಸೂಚನೆಗಳಲ್ಲಿ ಇಂಥ ಪದಗಳನ್ನು ಬಳಸಬಾರದೆಂದೇ ಹೇಳುತ್ತದೆ. ನೀವು ಆ ನಿಯಮದ ವ್ಯಾಪ್ತಿಗೆ ಬರದಿದ್ದರೂ ಅದನ್ನು ಅನುಸರಿಸುವುದು ಒಳ್ಳೆಯದು. "ಬ್ಯಾಟರಿ ಅತಿಯಾಗಿ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು, ಸುಟ್ಟಗಾಯಗಳಾಗಬಹುದು" ಎಂದು ನೇರವಾಗಿ ಬರೆಯಿರಿ.

ಇನ್ನು ಸುರಕ್ಷತೆಯ ಹೆಜ್ಜೆಗಳು. ಇಲ್ಲಿ ಎರಡು ಸ್ಥಿತಿಗಳನ್ನು ಪ್ರತ್ಯೇಕವಾಗಿ ಹೇಳಬೇಕು, ಬೆರೆಸಬಾರದು. ಪವರ್ ಬ್ಯಾಂಕ್ ಈಗಲೇ ಬಿಸಿಯಾಗಿದ್ದರೆ, ಹೊಗೆಯಾಡುತ್ತಿದ್ದರೆ, ಬುಸ್ಸೆನ್ನುವ ಸದ್ದು ಮಾಡುತ್ತಿದ್ದರೆ, ಅಥವಾ ದ್ರಾವಕದ ಹಾಗೆ ಸಿಹಿಯಾಗಿ ಘಾಟು ಬರುತ್ತಿದ್ದರೆ ಅದನ್ನು ಮುಟ್ಟಲೇಬಾರದು. ಎತ್ತಿ ಹೊರಗೆ ಎಸೆಯುವ ಸಾಹಸವೂ ಬೇಡ. ಮನೆಯವರನ್ನೆಲ್ಲ ಹೊರಗೆ ಕರೆತಂದು, ಬಾಗಿಲು ಎಳೆದುಕೊಂಡು, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ, ಉರಿಯುತ್ತಿರುವುದು ಲಿಥಿಯಂ ಬ್ಯಾಟರಿ ಎಂದು ತಿಳಿಸಬೇಕು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುವುದರಿಂದ ಅದನ್ನು ಉಸಿರಾಡಬಾರದು. ಬೆಂಕಿ ಆರಿದಂತೆ ಕಂಡರೂ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದುಂಟು ಎಂಬುದನ್ನೂ ಸೇರಿಸಿ, ಏಕೆಂದರೆ ಆರಿತೆಂದು ಜನ ಅದನ್ನು ಕಸದ ಬುಟ್ಟಿಗೆ ಹಾಕಿಬಿಡುತ್ತಾರೆ.

ಉಬ್ಬಿದೆ, ಆದರೆ ತಣ್ಣಗಿದೆ ಎಂಬ ಸ್ಥಿತಿ ನಿಮ್ಮ ಗ್ರಾಹಕರದ್ದು. ಅವರು ಕೇಬಲ್‌ಗಳನ್ನು ತೆಗೆದು, ಒತ್ತಡ ಬೀಳದಂತೆ ನಿಧಾನವಾಗಿ ಅದನ್ನು ಕಲ್ಲು, ಸಿಮೆಂಟ್ ಅಥವಾ ಟೈಲ್ಸ್ ನೆಲದ ಮೇಲೆ, ಬಿಸಿಲು ಮತ್ತು ಮಳೆ ಬೀಳದ ಕಡೆ ಇಡಬೇಕು. ಮನೆಯ ಹೊರಗೆ ಅಂಥ ಜಾಗವಿದ್ದರೆ ಅದೇ ಉತ್ತಮ. ಹಾಸಿಗೆ, ಪರದೆ, ಕಾಗದ, ಅಡುಗೆ ಅನಿಲಗಳ ಹತ್ತಿರ ಬೇಡ. ಮನೆಯಿಂದ ಹೊರಹೋಗುವ ಬಾಗಿಲಿನ ಬಳಿಯೂ ಬೇಡ, ಏಕೆಂದರೆ ಅದು ಹೊತ್ತಿಕೊಂಡರೆ ಮನೆಯವರು ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಲೋಹದ ಡಬ್ಬಿಯಲ್ಲಿ ಒಣ ಮರಳಿನ ನಡುವೆ ಇಟ್ಟರೆ ಇನ್ನೂ ಒಳ್ಳೆಯದು, ಆದರೆ ಮುಚ್ಚಳವನ್ನು ಬಿಗಿಯಾಗಿ ಹಾಕಬಾರದು. ಅನಿಲಕ್ಕೆ ಹೊರಹೋಗಲು ದಾರಿ ಇಲ್ಲದಿದ್ದರೆ ಡಬ್ಬಿಯೇ ಸಿಡಿಯಬಹುದು.

ಗ್ರಾಹಕರು ತಾವಾಗಿಯೇ ಮಾಡಲು ಹೊರಡುವ ಕೆಲವು ಕೆಲಸಗಳಿವೆ, ಅವನ್ನು ಹೆಸರಿಸಿ ಬೇಡವೆನ್ನಬೇಕು. ಅನಿಲ ಹೋಗಲೆಂದು ಸೂಜಿಯಿಂದ ಚುಚ್ಚುವುದು, ಉಬ್ಬನ್ನು ಒತ್ತಿ ಸರಿಮಾಡುವುದು, ತಣ್ಣಗಿರಲೆಂದು ಫ್ರಿಜ್‌ನಲ್ಲಿಡುವುದು, ಇವೆಲ್ಲ ನಿಜಕ್ಕೂ ನಡೆಯುತ್ತವೆ. ಚಾರ್ಜ್ ಖಾಲಿಯಾದರೆ ಅಪಾಯ ಕಡಿಮೆಯಾದೀತೆಂದು ಫೋನಿಗೆ ಹಾಕಿ ಬರಿದು ಮಾಡುವುದು ಇನ್ನೊಂದು. ಒಳಗೆ ಉಳಿದಿರುವ ಶಕ್ತಿ ಕಡಿಮೆಯಾದಷ್ಟೂ ಬೆಂಕಿಯ ತೀವ್ರತೆ ತಗ್ಗುತ್ತದೆ ಎಂಬುದು ತತ್ತ್ವತಃ ಸರಿಯೇ. ಆದರೆ ಉಬ್ಬಿದ ಕೋಶದಿಂದ ಕರೆಂಟ್ ಎಳೆದಾಗ ಅದು ಬಿಸಿಯಾಗುತ್ತದೆ, ಮತ್ತು ಗ್ರಾಹಕರು ಅದರ ಪಕ್ಕದಲ್ಲೇ ಕೂತಿರುತ್ತಾರೆ. ಉಬ್ಬಿದ್ದನ್ನು ಇದ್ದ ಹಾಗೆಯೇ ಬಿಡಬೇಕು. ಉಬ್ಬದಿರುವುದನ್ನು ಬರಿದು ಮಾಡಬೇಕೇ ಎಂಬ ತೀರ್ಮಾನ ನಿಮ್ಮ ಎಂಜಿನಿಯರ್‌ಗಳಿಂದ ಲಿಖಿತವಾಗಿ ಬರಬೇಕು. ಫೋನ್ ಎತ್ತುವ ಸಿಬ್ಬಂದಿ ಅದನ್ನು ಊಹಿಸಿ ಹೇಳಬಾರದು.

ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಇಸ್ತ್ರಿಪೆಟ್ಟಿಗೆ, ಹೀಟರ್‌ಗಳಂಥ ಉಪಕರಣಗಳ ರಿಕಾಲ್‌ನಲ್ಲಿ "ವೈರನ್ನು ಕತ್ತರಿಸಿ ಫೋಟೋ ಕಳಿಸಿ, ವಸ್ತುವನ್ನು ನೀವೇ ವಿಲೇವಾರಿ ಮಾಡಿ" ಎಂಬ ಪದ್ಧತಿಯಿದೆ. ಅಲ್ಲಿ ಅದು ಸರಿ. ಬೇರೆ ಉತ್ಪನ್ನದ ರಿಕಾಲ್ ಪತ್ರವನ್ನು ಮಾದರಿಯಾಗಿ ಇಟ್ಟುಕೊಂಡು ಬರೆಯುವವರು ಈ ಸಾಲನ್ನು ಹಾಗೆಯೇ ಉಳಿಸಿಕೊಂಡು, ಬ್ಯಾಟರಿ ಇರುವ ವಸ್ತುವನ್ನು "ನಿಷ್ಕ್ರಿಯಗೊಳಿಸಿ" ಎಂದು ಬರೆದುಬಿಡುವ ಸಾಧ್ಯತೆ ಇದೆ. ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿ ನಿಷ್ಕ್ರಿಯಗೊಳಿಸುವ ಸುರಕ್ಷಿತ ವಿಧಾನ ಯಾವುದೂ ಇಲ್ಲ. ಕಳಿಸುವ ಮೊದಲು ನಿಮ್ಮ ಪತ್ರದಲ್ಲಿ ಕತ್ತರಿಸುವ, ಬಿಚ್ಚುವ, ಒಡೆಯುವ ಮಾತು ಎಲ್ಲಾದರೂ ನುಸುಳಿದೆಯೇ ಎಂದು ನೋಡಿಕೊಳ್ಳಿ.

ಸೀರಿಯಲ್ ನಂಬರ್ ಅಳಿಸಿಹೋದ ತೊಂದರೆ ತೀರ ಸಾಮಾನ್ಯ. ಕಪ್ಪು ಕವಚದ ಮೇಲೆ ಬೂದು ಬಣ್ಣದಲ್ಲಿ ಮುದ್ರಿಸಿದ ಸಣ್ಣ ಅಕ್ಷರಗಳು ಚೀಲದಲ್ಲಿ ಉಜ್ಜಿ ಉಜ್ಜಿ ಮಾಸಿಹೋಗುತ್ತವೆ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆದು, ಅದನ್ನು ಹಿಗ್ಗಿಸಿ ನೋಡಿದರೆ ಕೆಲವೊಮ್ಮೆ ಓದಲು ಸಿಗುತ್ತದೆ. ಸೊನ್ನೆ ಮತ್ತು O, ಎಂಟು ಮತ್ತು B ಅದಲುಬದಲಾಗುವುದನ್ನು ನಿಮ್ಮ ಸಿಬ್ಬಂದಿ ನಿರೀಕ್ಷಿಸಿರಬೇಕು. ಒಂದು ಅಕ್ಷರದ ತಪ್ಪಿನಿಂದ "ನಿಮ್ಮದು ರಿಕಾಲ್ ಪಟ್ಟಿಯಲ್ಲಿಲ್ಲ" ಎಂಬ ಉತ್ತರ ಹೋದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಹಾಗಾಗಿ ನಾನು ಹೇಳುವ ನಿಯಮ ಸರಳ: ಮಾದರಿ ಅದೇ ಆಗಿದ್ದು ನಂಬರ್ ಓದಲಾಗದಿದ್ದರೆ ಅದನ್ನು ರಿಕಾಲ್ ಪಟ್ಟಿಯಲ್ಲಿದೆ ಎಂದೇ ಪರಿಗಣಿಸಬೇಕು. ಕೊಂಡ ರಸೀದಿಯನ್ನು ಕೇಳಬಹುದು, ಆದರೆ ಕಡ್ಡಾಯ ಮಾಡಬಾರದು, ಉಡುಗೊರೆಯಾಗಿ ಪಡೆದವರ ಬಳಿ ಅದು ಇರುವುದಿಲ್ಲ. ಉಬ್ಬಿದೆ ಎಂದವರ ವಿಷಯದಲ್ಲಂತೂ ನಂಬರಿನ ಪ್ರಶ್ನೆಯನ್ನು ಸುರಕ್ಷತೆಯ ಹೆಜ್ಜೆಗಳು ಮುಗಿದ ಮೇಲೆ ಮಾತ್ರ ಎತ್ತಬೇಕು. ಅದು ಪಟ್ಟಿಯಲ್ಲಿಲ್ಲದ ಪವರ್ ಬ್ಯಾಂಕ್ ಆಗಿದ್ದರೂ, ಉಬ್ಬಿದ ಮೇಲೆ ಬಳಸಲು ಯೋಗ್ಯವಾಗಿ ಉಳಿದಿಲ್ಲ.

ಹಿಂತಿರುಗಿಸುವ ವಿಧಾನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಒಳ್ಳೆಯ ಮನಸ್ಸಿನ ಕಂಪನಿಗಳು ಎಡವುವುದು ಇಲ್ಲಿಯೇ. ಹಾನಿಗೊಂಡ, ದೋಷಪೂರಿತ ಅಥವಾ ಸುರಕ್ಷತೆಯ ಕಾರಣಕ್ಕೆ ರಿಕಾಲ್ ಆದ, ಅಪಾಯ ತರಬಲ್ಲ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಸಾಗಿಸುವುದನ್ನು ಅಂತಾರಾಷ್ಟ್ರೀಯ ವಿಮಾನಯಾನ ನಿಯಮಗಳು ನಿಷೇಧಿಸಿವೆ. ಗಾತ್ರ ಸಣ್ಣದೆಂಬ ವಿನಾಯಿತಿ ಇಲ್ಲಿಲ್ಲ. ನಿಮ್ಮ 10,000 ಎಂಎಎಚ್ ಪವರ್ ಬ್ಯಾಂಕ್‌ನ ಸಾಮರ್ಥ್ಯ, ಕೋಶದ 3.7 ವೋಲ್ಟ್ ಲೆಕ್ಕದಲ್ಲಿ, 37 ವ್ಯಾಟ್ ಅವರ್. ಒಳ್ಳೆಯ ಸ್ಥಿತಿಯಲ್ಲಿದ್ದರೆ ಪ್ರಯಾಣಿಕರು ಕೈಚೀಲದಲ್ಲಿ ಒಯ್ಯಲು ಸಾಮಾನ್ಯವಾಗಿ ಇರುವ 100 ವ್ಯಾಟ್ ಅವರ್ ಮಿತಿಗಿಂತ ಅದು ಎಷ್ಟೋ ಕಡಿಮೆ. ದೋಷಪೂರಿತ ಎಂದ ಮೇಲೆ ಆ ಮಿತಿಯ ಮಾತೇ ಬರುವುದಿಲ್ಲ. ಗ್ರಾಹಕರು ಮಾಮೂಲಿ ಕೊರಿಯರ್‌ಗೆ ಕೊಟ್ಟರೆ ಆ ಪೊಟ್ಟಣ ರಸ್ತೆಯಲ್ಲಿ ಹೋಗುತ್ತದೋ ವಿಮಾನ ಏರುತ್ತದೋ ಎಂಬುದು ಅವರ ಕೈಯಲ್ಲಿರುವುದಿಲ್ಲ. ಆದ್ದರಿಂದಲೇ "ನೀವೇ ಪ್ಯಾಕ್ ಮಾಡಿ ಕಳಿಸಿ" ಎಂದು ಬರೆಯುವ ಹಾಗಿಲ್ಲ.

ರಸ್ತೆಯಲ್ಲಿ ಸಾಗಿಸಲು ದಾರಿಯಿದೆ, ಆದರೆ ಅದಕ್ಕೆ ತಕ್ಕ ಪೆಟ್ಟಿಗೆಯನ್ನು ಕಂಪನಿಯೇ ಒದಗಿಸಬೇಕು. ಪ್ರತಿ ಬ್ಯಾಟರಿಗೂ ಪ್ರತ್ಯೇಕ ಒಳಹೊದಿಕೆ, ಅದರ ಸುತ್ತ ಬೆಂಕಿ ಹಿಡಿಯದ ಮತ್ತು ವಿದ್ಯುತ್ ಹರಿಯದ ವರ್ಮಿಕ್ಯುಲೈಟ್‌ನಂಥ ವಸ್ತು, ಹೊರಪೆಟ್ಟಿಗೆಯ ಮೇಲೆ ಒಳಗಿರುವುದು ದೋಷಪೂರಿತ ಲಿಥಿಯಂ ಬ್ಯಾಟರಿ ಎಂಬ ಗುರುತು, ಇಷ್ಟು ಮೂಲಭೂತ ಅಗತ್ಯ. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನ್‌ಗಳನ್ನು ವಾಪಸ್ ಕರೆಸಿಕೊಂಡಾಗ ಗ್ರಾಹಕರಿಗೆ ಬೆಂಕಿ ತಡೆಯುವ ಒಳಪದರವಿರುವ ಪೆಟ್ಟಿಗೆಗಳನ್ನೂ, ಕೈಗವಸುಗಳನ್ನೂ ಕಳಿಸಿತ್ತು. ಭೂಮಾರ್ಗದಲ್ಲಿ ಮಾತ್ರ ಸಾಗಿಸಬೇಕೆಂಬ ಸೂಚನೆಯೂ ಪೆಟ್ಟಿಗೆಯ ಮೇಲಿತ್ತು. ನೀವು ಸಣ್ಣ ಕಂಪನಿಯಾದ್ದರಿಂದ ಇದನ್ನೆಲ್ಲ ಹೊಸದಾಗಿ ಕಟ್ಟಬೇಕಿಲ್ಲ. ಅಪಾಯಕಾರಿ ಸರಕು ಸಾಗಿಸಲು ಪರವಾನಗಿ ಇರುವ ಸಾಗಣೆದಾರರೊಡನೆ ಒಪ್ಪಂದ ಮಾಡಿಕೊಂಡರೆ ಅವರ ಬಳಿ ಸಿದ್ಧ ಪೆಟ್ಟಿಗೆಗಳಿರುತ್ತವೆ.

ಆ ಪೆಟ್ಟಿಗೆ ಉಬ್ಬದಿರುವ, ತಣ್ಣಗಿರುವ ಪವರ್ ಬ್ಯಾಂಕ್‌ಗಳಿಗೆ ಮಾತ್ರ. ಸಾಗಣೆಯ ವೇಳೆ ಸಿಡಿಯುವ ಸಾಧ್ಯತೆಯಿರುವ ಬ್ಯಾಟರಿಗಳಿಗೆ ನಿಯಮಗಳೇ ಬೇರೆ, ಇನ್ನೂ ಬಿಗಿ. ಉಬ್ಬಿದ್ದು ಯಾವ ಗುಂಪಿಗೆ ಸೇರುತ್ತದೆಂದು ಮನೆಯಲ್ಲಿ ಕೂತ ಗ್ರಾಹಕರು ಅಳೆಯಲಾರರು, ಫೋಟೋ ನೋಡಿ ನೀವೂ ಖಚಿತವಾಗಿ ಹೇಳಲಾರಿರಿ. ಹಾಗಾಗಿ ಉಬ್ಬಿದ್ದನ್ನು ತರಬೇತಿ ಪಡೆದವರು ಬಂದು ಒಯ್ಯಬೇಕು, ಇಲ್ಲವೇ ಅದು ಗ್ರಾಹಕರಿಗೆ ಹತ್ತಿರದ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ತಲುಪಬೇಕು. ಈ ಎರಡನೆಯ ದಾರಿಯಲ್ಲಿ ಒಂದು ತೊಡಕಿದೆ: ಹಳೆಯ ಬ್ಯಾಟರಿಗಳನ್ನು ತೆಗೆದುಕೊಳ್ಳುವ ಎಲ್ಲ ಕೇಂದ್ರಗಳೂ ರಿಕಾಲ್ ಆದ ಬ್ಯಾಟರಿಯನ್ನು ಸ್ವೀಕರಿಸುವುದಿಲ್ಲ, ಮತ್ತು ಅಂಗಡಿಗಳಲ್ಲಿ ಇಟ್ಟಿರುವ ಬಳಸಿದ ಬ್ಯಾಟರಿಗಳ ಪೆಟ್ಟಿಗೆಗೆ ಅದನ್ನು ಹಾಕಲೇಬಾರದು, ಏಕೆಂದರೆ ಅಲ್ಲಿ ಅದರ ಜೊತೆಗೆ ನೂರಾರು ಬ್ಯಾಟರಿಗಳಿರುತ್ತವೆ. ಆದ್ದರಿಂದ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ ಕೇಳುವ ಕೆಲಸವನ್ನು ಗ್ರಾಹಕರ ತಲೆಗೆ ಕಟ್ಟದೆ ನಿಮ್ಮ ಸಿಬ್ಬಂದಿಯೇ ಮಾಡಿ, ಒಪ್ಪಿಕೊಂಡವರ ವಿಳಾಸ, ಸಮಯವನ್ನು ಗ್ರಾಹಕರಿಗೆ ತಿಳಿಸಬೇಕು.

ಹಣದ ವಿಷಯ. ವಸ್ತು ಕೈಸೇರಿದ ಮೇಲೆ ಹಣ ಎಂಬ ಷರತ್ತು ಹಾಕಿದರೆ, ಬೇಗ ಹಣ ಬೇಕಾದವರು ಸಿಕ್ಕ ಪೆಟ್ಟಿಗೆಯಲ್ಲಿ ಹಾಕಿ, ಒಳಗೇನಿದೆ ಎಂದು ಹೇಳದೆ ಕೊರಿಯರ್‌ಗೆ ಕೊಟ್ಟುಬಿಡುತ್ತಾರೆ. ಅಂದರೆ ನಿಮ್ಮ ಷರತ್ತೇ ಅಪಾಯವನ್ನು ಹುಟ್ಟಿಸುತ್ತದೆ. ಫೋಟೋ ಸಾಕ್ಷಿಯ ಮೇಲೆ ಹಣ ಕೊಡುವುದೇ ಸರಿಯಾದ ಮಾರ್ಗ. ಉಬ್ಬದಿರುವ ಪವರ್ ಬ್ಯಾಂಕ್ ಆದರೆ ಅದರ ಮೇಲೆ ಅಳಿಸದ ಮಾರ್ಕರ್‌ನಿಂದ "ರಿಕಾಲ್" ಎಂದೂ, ಪ್ರಕರಣ ಸಂಖ್ಯೆಯನ್ನೂ ಬರೆದು ಫೋಟೋ ಕಳಿಸಲು ಹೇಳಬಹುದು. ಒಂದೇ ವಸ್ತುವಿಗೆ ಎರಡು ಸಲ ಹಣ ಕೇಳುವುದನ್ನು ಇದು ತಡೆಯುತ್ತದೆ, ಮುಂದೆ ಯಾರೂ ಅದನ್ನು ಸರಿಯಿರುವುದೆಂದು ತಿಳಿದು ಬಳಸದಂತೆಯೂ ನೋಡಿಕೊಳ್ಳುತ್ತದೆ. ಉಬ್ಬಿದ್ದರ ಮೇಲೆ ಬರೆಯಲು ಹೇಳಬೇಡಿ, ಮಾರ್ಕರ್ ಒತ್ತುವುದೂ ಬೇಡ. ಪಕ್ಕದಲ್ಲಿ ಪ್ರಕರಣ ಸಂಖ್ಯೆ ಬರೆದ ಚೀಟಿಯನ್ನು ಒಂದು ಕ್ಷಣ ಇಟ್ಟು, ದೂರದಿಂದ ಒಂದು ಫೋಟೋ ತೆಗೆದು, ಚೀಟಿಯನ್ನು ತೆಗೆದುಬಿಟ್ಟರೆ ಸಾಕು. ಹಣದ ಬದಲಿಗೆ ಹೊಸದೊಂದು ಪವರ್ ಬ್ಯಾಂಕ್ ಕೊಡುವ ಯೋಚನೆಯಿದ್ದರೆ, ಅದರ ಕೋಶಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲಷ್ಟೇ ಮಾತು ಕೊಡಿ. ನೋಟ್ 7 ಪ್ರಕರಣದಲ್ಲಿ ಬದಲಿಯಾಗಿ ಕೊಟ್ಟ ಫೋನ್‌ಗಳ ಬ್ಯಾಟರಿ ಬೇರೆ ತಯಾರಕರದ್ದಾಗಿದ್ದರೂ, ಅದರಲ್ಲಿ ಬೇರೆಯದೇ ದೋಷವಿದ್ದು, ಅವೂ ಹೊತ್ತಿಕೊಂಡವು. ಎರಡನೆಯ ಸಲ ವಾಪಸ್ ಕರೆಸಿಕೊಳ್ಳಬೇಕಾಯಿತು, ಕೊನೆಗೆ ಆ ಫೋನಿನ ತಯಾರಿಕೆಯೇ ನಿಂತಿತು.

ಸಹಾಯದ ಸಂಪರ್ಕ ಎಂದರೆ ಪತ್ರದ ಕೆಳಗೆ ಒಂದು ನಂಬರ್ ಹಾಕುವುದಷ್ಟೇ ಅಲ್ಲ. ಆ ನಂಬರ್ ರಿಕಾಲ್‌ಗೆ ಮಾತ್ರ ಮೀಸಲಾಗಿರಬೇಕು, ಉಚಿತವಾಗಿರಬೇಕು, ಮತ್ತು "ಮಾರಾಟಕ್ಕಾಗಿ ಒಂದನ್ನು ಒತ್ತಿ" ಎಂಬ ಮೆಟ್ಟಿಲುಗಳನ್ನು ದಾಟಿಸದೆ ನೇರವಾಗಿ ಒಬ್ಬ ವ್ಯಕ್ತಿಗೆ ಸೇರಬೇಕು. ಆ ವ್ಯಕ್ತಿಯ ಮೊದಲ ಪ್ರಶ್ನೆ ಹೆಸರೂ ಅಲ್ಲ, ಆರ್ಡರ್ ನಂಬರೂ ಅಲ್ಲ. ವಸ್ತು ಈಗ ಬಿಸಿಯಾಗಿದೆಯೇ, ಉಬ್ಬಿದೆಯೇ ಎಂಬುದು. ಹಣ ಮಂಜೂರು ಮಾಡುವ ಮತ್ತು ಮನೆಗೇ ಬಂದು ಒಯ್ಯುವ ವ್ಯವಸ್ಥೆ ಮಾಡುವ ಅಧಿಕಾರ ಅವರಿಗೇ ಇರಬೇಕು, ಇಲ್ಲವಾದರೆ "ಮೇಲಿನವರನ್ನು ಕೇಳಿ ಹೇಳುತ್ತೇವೆ" ಎಂಬ ಉತ್ತರದಲ್ಲಿ ದಿನಗಳು ಕಳೆಯುತ್ತವೆ. ಸೇವೆಯ ವೇಳೆಯನ್ನು ಬರೆಯಿರಿ, ವೇಳೆ ಮೀರಿದ ಮೇಲೆ ಏನು ಮಾಡಬೇಕೆಂಬುದನ್ನೂ ಬರೆಯಿರಿ. ಬೆಂಕಿ, ಹೊಗೆ ಇದ್ದಾಗ ನಿಮಗೆ ಕರೆ ಮಾಡುತ್ತ ಕೂರದೆ ಅಗ್ನಿಶಾಮಕ ದಳಕ್ಕೇ ಮಾಡಬೇಕೆಂಬುದು ಸ್ಪಷ್ಟವಾಗಿರಲಿ. ನಂಬರನ್ನು ಚಿತ್ರದೊಳಗೆ ಹಾಕಬೇಡಿ. ಮುಟ್ಟಿದರೆ ಕರೆ ಹೋಗುವಂತೆ, ದೃಷ್ಟಿದೋಷವುಳ್ಳವರ ಫೋನ್ ಓದಿ ಹೇಳುವಂತೆ ಅಕ್ಷರಗಳಲ್ಲೇ ಇರಲಿ. ಮತ್ತು ಆ ಸಹಾಯವಾಣಿಯನ್ನು ಒಂದೆರಡು ತಿಂಗಳಲ್ಲಿ ಮುಚ್ಚಬೇಡಿ. ಮೇಜಿನ ಖಾನೆಯಲ್ಲಿ ಮರೆತ ಪವರ್ ಬ್ಯಾಂಕ್ ವರ್ಷಗಳ ನಂತರವೂ ಹೊರಬರುತ್ತದೆ.

ರಿಕಾಲ್ ಸುದ್ದಿ ಹಬ್ಬಿದ ಕೂಡಲೇ ವಂಚಕರೂ ಅದೇ ಹೆಸರಿನಲ್ಲಿ ಸಂದೇಶ ಕಳಿಸುವ ಅಪಾಯವಿರುವುದರಿಂದ, ಓಟಿಪಿ, ಪಿನ್, ಕಾರ್ಡಿನ ನಂಬರ್‌ಗಳನ್ನು ನೀವು ಎಂದೂ ಕೇಳುವುದಿಲ್ಲ ಎಂದು ಒಂದು ಸಾಲು ಸೇರಿಸಿ.

ಇವನ್ನೆಲ್ಲ ಇಟ್ಟುಕೊಂಡು ನಿಮ್ಮ ಗ್ರಾಹಕರಿಗೆ ನಾನಾಗಿದ್ದರೆ ಬರೆಯುತ್ತಿದ್ದ ಉತ್ತರ ಹೀಗಿರುತ್ತಿತ್ತು:

"ನಮಸ್ಕಾರ. ದಯವಿಟ್ಟು ಈ ಕ್ಷಣದಿಂದ ಆ ಪವರ್ ಬ್ಯಾಂಕನ್ನು ಬಳಸಬೇಡಿ, ಚಾರ್ಜ್ ಮಾಡಬೇಡಿ, ಕೊರಿಯರ್‌ಗೂ ಕೊಡಬೇಡಿ. ಅದು ಉಬ್ಬಿದೆ ಎಂದು ನೀವು ತಿಳಿಸಿದ್ದೀರಿ. ಬ್ಯಾಟರಿಯೊಳಗೆ ಅನಿಲ ತುಂಬಿದಾಗ ಹೀಗಾಗುತ್ತದೆ. ಅದು ಫೋನನ್ನು ಚಾರ್ಜ್ ಮಾಡುತ್ತಿದ್ದರೂ ಸುರಕ್ಷಿತವಲ್ಲ, ಬೆಂಕಿ ಹೊತ್ತಿಕೊಳ್ಳಬಹುದು.

ಅದು ಬಿಸಿಯಾಗಿದ್ದರೆ, ಹೊಗೆ, ವಾಸನೆ ಅಥವಾ ಸದ್ದು ಬರುತ್ತಿದ್ದರೆ ಮುಟ್ಟಬೇಡಿ. ಎಲ್ಲರೂ ಹೊರಬಂದು, ಬಾಗಿಲು ಎಳೆದುಕೊಂಡು, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಅದು ತಣ್ಣಗಿದ್ದರೆ ಕೇಬಲ್ ತೆಗೆದು, ಒತ್ತದೆ, ಹೊರಗಿನ ಸಿಮೆಂಟ್ ಅಥವಾ ಕಲ್ಲಿನ ನೆಲದ ಮೇಲೆ, ಬಿಸಿಲು ಮಳೆ ತಾಗದ ಕಡೆ, ಬಾಗಿಲಿನಿಂದಲೂ ಹೊತ್ತಿಕೊಳ್ಳುವ ವಸ್ತುಗಳಿಂದಲೂ ದೂರದಲ್ಲಿ ಇಡಿ. ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಚುಚ್ಚುವುದು, ಬಿಚ್ಚುವುದು, ಫ್ರಿಜ್‌ನಲ್ಲಿಡುವುದು, ಬರಿದು ಮಾಡುವುದು, ಕಸಕ್ಕೆ ಹಾಕುವುದು ಯಾವುದೂ ಬೇಡ.

ಅದನ್ನು ಒಯ್ಯಲು ತರಬೇತಿ ಪಡೆದವರನ್ನು ನಾವೇ ಕಳಿಸುತ್ತೇವೆ, ನೀವು ಯಾವ ಖರ್ಚನ್ನೂ ಭರಿಸಬೇಕಿಲ್ಲ. ಅವರು ಬರುವ ದಿನವನ್ನು ನಾಳೆ ಸಂಜೆಯೊಳಗೆ ಫೋನ್ ಮಾಡಿ ತಿಳಿಸುತ್ತೇವೆ. ಸೀರಿಯಲ್ ನಂಬರ್ ಓದಲಾಗದಿದ್ದರೆ ಚಿಂತೆ ಬೇಡ, ನಿಮ್ಮದನ್ನು ರಿಕಾಲ್ ಪಟ್ಟಿಗೆ ಸೇರಿಸಿದ್ದೇವೆ. ಈ ಪತ್ರದಲ್ಲಿರುವ ಪ್ರಕರಣ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದು, ಪವರ್ ಬ್ಯಾಂಕ್ ಪಕ್ಕದಲ್ಲಿಟ್ಟು, ದೂರದಿಂದ ಒಂದು ಫೋಟೋ ತೆಗೆದು ಕಳಿಸಿ. ಆಮೇಲೆ ಚೀಟಿಯನ್ನು ತೆಗೆದುಬಿಡಿ. ಫೋಟೋ ಬಂದ ಮೇಲೆ ಪೂರ್ತಿ ಹಣವನ್ನು ಮಂಜೂರು ಮಾಡುತ್ತೇವೆ, ವಸ್ತು ನಮ್ಮ ಕೈಸೇರುವವರೆಗೆ ಕಾಯುವುದಿಲ್ಲ.

ಯಾವ ಸಂದೇಹ ಬಂದರೂ ಕೆಳಗಿರುವ ರಿಕಾಲ್ ಸಹಾಯವಾಣಿಗೆ ಕರೆ ಮಾಡಿ ಪ್ರಕರಣ ಸಂಖ್ಯೆಯನ್ನು ಹೇಳಿ. ನಾವು ಓಟಿಪಿ, ಪಿನ್ ಅಥವಾ ಕಾರ್ಡಿನ ನಂಬರನ್ನು ಎಂದೂ ಕೇಳುವುದಿಲ್ಲ. ನಮ್ಮ ಉತ್ಪನ್ನದಿಂದ ನಿಮ್ಮ ಮನೆಗೆ ಈ ಅಪಾಯ ಬಂದದ್ದಕ್ಕೆ ಕ್ಷಮೆ ಕೇಳುತ್ತೇವೆ."

ಇದರ ಕೆಳಗೆ ಪ್ರಕರಣ ಸಂಖ್ಯೆ, ಸಹಾಯವಾಣಿ, ಸೇವೆಯ ವೇಳೆ, ಉತ್ತರ ಬರೆದವರ ಹೆಸರು ಇರಲಿ. ನಾಳೆ ಸಂಜೆ, ಪೂರ್ತಿ ಹಣ ಎಂಬ ಮಾತುಗಳನ್ನು ನಿಮ್ಮಿಂದ ಉಳಿಸಿಕೊಳ್ಳಲು ಆಗುವುದಾದರೆ ಮಾತ್ರ ಬರೆಯಿರಿ. ಒಯ್ಯುವವರು ಬರಲು ಹತ್ತು ದಿನ ಬೇಕಾಗುವುದಾದರೆ ಹತ್ತು ದಿನ ಎಂದೇ ಹೇಳಿ, ಅಷ್ಟು ದಿನ ಅದನ್ನು ಹೊರಗೆ ಹೇಗಿಟ್ಟುಕೊಳ್ಳಬೇಕೆಂಬುದನ್ನು ಫೋನಿನಲ್ಲಿ ವಿವರವಾಗಿ ತಿಳಿಸಿ.

ಪತ್ರ ಹೋದ ಮೇಲೂ ಕೆಲಸ ಬಾಕಿಯಿರುತ್ತದೆ. ನಿಮ್ಮ ದಾಖಲೆಯಲ್ಲಿ ಹಣ ಕೊಟ್ಟದ್ದು ಮತ್ತು ವಸ್ತುವಿನ ವಿಲೇವಾರಿ ಆದದ್ದು ಎರಡಕ್ಕೂ ಬೇರೆ ಬೇರೆ ಅಂಕಣಗಳಿರಬೇಕು. ಹಣ ಹೋದ ಕೂಡಲೇ ಪ್ರಕರಣವನ್ನು ಮುಗಿಸಿದರೆ, ಉಬ್ಬಿದ ಪವರ್ ಬ್ಯಾಂಕ್ ಗ್ರಾಹಕರ ಮನೆಯಲ್ಲೇ ಉಳಿದಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಒಯ್ದವರಿಂದ ಅಥವಾ ಸಂಗ್ರಹ ಕೇಂದ್ರದಿಂದ ಸ್ವೀಕೃತಿ ಬಂದ ದಿನವೇ ಅದನ್ನು ಮುಗಿಸಬೇಕು. ಗ್ರಾಹಕರು ನಿಮ್ಮ ಉತ್ತರಕ್ಕೆ ಪ್ರತಿಕ್ರಿಯಿಸದಿದ್ದರೆ ಮಾರನೆಯ ದಿನವೇ ಬೇರೆ ಮಾಧ್ಯಮದಲ್ಲಿ ಪ್ರಯತ್ನಿಸಿ: ಇಮೇಲ್ ಕಳಿಸಿದ್ದರೆ ಕರೆ, ಕರೆ ಎತ್ತದಿದ್ದರೆ ಎಸ್‌ಎಂಎಸ್. ಮತ್ತು ಉಬ್ಬಿದೆ ಎಂದು ಬಂದ ಪ್ರತಿಯೊಂದು ಪತ್ರದ ಪ್ರತಿಯನ್ನೂ ದಿನಾಂಕ, ಮಾದರಿ ಮತ್ತು ಸಿಕ್ಕರೆ ಸೀರಿಯಲ್ ನಂಬರಿನೊಂದಿಗೆ ನಿಮ್ಮ ಎಂಜಿನಿಯರ್‌ಗಳಿಗೆ ಅಂದೇ ತಲುಪಿಸಿ. ನೀವು ರಿಕಾಲ್ ಮಾಡಿರುವ ಬ್ಯಾಚ್‌ನ ಆಚೆಗಿನ ಸೀರಿಯಲ್ ನಂಬರುಗಳಿಂದಲೂ ಅಂಥ ದೂರು ಬರತೊಡಗಿದರೆ, ಪಟ್ಟಿಯನ್ನು ಹಿಗ್ಗಿಸಬೇಕಾಗಿದೆ ಎಂಬುದು ಮೊದಲು ಗೊತ್ತಾಗುವುದು ಈ ಪತ್ರಗಳಿಂದಲೇ.